ವೆಡ್ಡಿಂಗ್ ಪ್ಲಾನರ್‌ಗೆ ಮೇಕಪ್ ಸ್ಟುಡಿಯೊ ಬರೆಯುವ ಪ್ರಸ್ತಾವನೆ ಪತ್ರ: ಜಂಟಿ ವಧು ಪ್ಯಾಕೇಜ್ ಕಟ್ಟುವುದರಿಂದ ಪತ್ರ ಕಳಿಸುವವರೆಗೆ

ಆಷಾಢ ಬಂತೆಂದರೆ ಪ್ಲಾನರ್‌ಗಳ ಫೋನಿಗೆ ಮೇಕಪ್ ಸ್ಟುಡಿಯೊಗಳ ಪಿಡಿಎಫ್‌ಗಳು ಬಂದು ಬೀಳತೊಡಗುತ್ತವೆ. ನಾನು ಪ್ಲಾನಿಂಗ್ ಕಡೆ ಕೂತು ಇವನ್ನು ಓದುವವಳು. ಹೆಚ್ಚಿನವು ಒಂದೇ ಅಚ್ಚಿನವು: ಮೊದಲ ಪುಟದಲ್ಲಿ ಸ್ಟುಡಿಯೊದ ಕತೆ, ಎರಡನೆಯದರಲ್ಲಿ ಬಳಸುವ ಬ್ರ್ಯಾಂಡ್‌ಗಳ ಪಟ್ಟಿ, ಮೂರರಿಂದ ಹದಿನೈದರವರೆಗೆ ಮುಖಗಳು, ಕೊನೆಗೆ ‘ನಿಮ್ಮ ಕ್ಲೈಂಟ್‌ಗಳಿಗೆ ವಿಶೇಷ ರಿಯಾಯಿತಿ’ ಎಂಬ ಒಂದು ಸಾಲು. ಮೇಕಪ್ ಚೆನ್ನಾಗಿರುತ್ತದೆ, ಆದರೂ ನಾವು ಫೋನ್ ಮಾಡುವುದಿಲ್ಲ. ಕಾರಣ ಸರಳ. ಮುಹೂರ್ತದ ಬೆಳಿಗ್ಗೆ ಪುರೋಹಿತರು ‘ಹುಡುಗಿ ಎಲ್ಲಿ?’ ಎಂದು ಮೂರನೇ ಸಲ ಕೇಳಿದಾಗ ಉತ್ತರ ಕೊಡಬೇಕಾದವಳು ಪ್ಲಾನರ್. ವಧು ಹೊತ್ತಿಗೆ ಸರಿಯಾಗಿ ಮಂಟಪಕ್ಕೆ ಬರುತ್ತಾಳೆಯೇ, ಬರದಿದ್ದರೆ ಯಾರನ್ನು ಹಿಡಿಯಬೇಕು, ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬ ಮೂರು ವಿಷಯ ಆ ಪತ್ರಗಳಲ್ಲಿ ಇರುವುದಿಲ್ಲ.

ಅದಕ್ಕೇ ಪತ್ರ ಬರೆಯುವ ಮುಂಚೆ ಒಂದು ಮದುವೆಯನ್ನು ಕಾಗದದ ಮೇಲೆ ನಡೆಸಿ ನೋಡಬೇಕು. ಇಲ್ಲಿ ಮೈಸೂರು–ಬೆಂಗಳೂರು ಕಡೆಯ ಸಾಮಾನ್ಯ ಎರಡು ದಿನದ ಛತ್ರದ ಮದುವೆಯನ್ನೇ ಹಿಡಿಯೋಣ. ಮೊದಲ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ 7:20ಕ್ಕೆ ಮುಹೂರ್ತ. ಉತ್ತರ ಕರ್ನಾಟಕದಲ್ಲಿ, ಕರಾವಳಿಯಲ್ಲಿ, ಕೊಡಗಿನಲ್ಲಿ ಕ್ರಮ ಬೇರೆ, ಸೀರೆ ಉಡುವ ರೀತಿಯೂ ಬೇರೆ. ನೀವು ಯಾವ ಕಡೆಯ ಮದುವೆ ಹೆಚ್ಚು ಮಾಡುತ್ತೀರೋ ಆ ಕ್ರಮವನ್ನು ಹಿಡಿಯಿರಿ.

ಮೊದಲ ಹೆಜ್ಜೆ: ಮುಹೂರ್ತದಿಂದ ಹಿಂದಕ್ಕೆ ಲೆಕ್ಕ

ಮುಹೂರ್ತ 7:20 ಎಂದರೆ ವಧು 7:20ಕ್ಕೆ ತಯಾರಾದರೆ ಸಾಕು ಎಂದಲ್ಲ. ಅದಕ್ಕೆ ಮೊದಲು ಗೌರಿ ಪೂಜೆ ಇದೆ, ಅದಕ್ಕೆ 6:15ಕ್ಕೆ ಕೂರಬೇಕು. ಫೋಟೊದವರು ಒಬ್ಬಳನ್ನೇ ನಿಲ್ಲಿಸಿ ತೆಗೆಯಲು ಅರ್ಧ ಗಂಟೆ ಕೇಳುತ್ತಾರೆ, ಅಂದರೆ 5:45. ಏನಾದರೂ ಎಡವಟ್ಟಾದರೆ ಇರಲಿ ಎಂದು ಕಾಲು ಗಂಟೆ ಬಿಟ್ಟರೆ ನಿಮ್ಮ ಕೆಲಸ 5:30ಕ್ಕೆ ಮುಗಿದಿರಬೇಕು. ಸೀರೆ ಮತ್ತು ಒಡವೆಗೆ 40 ನಿಮಿಷ, ಕೂದಲು ಮತ್ತು ಮೊಗ್ಗಿನ ಜಡೆಗೆ 45, ಮುಖಕ್ಕೆ 90. ಹಿಂದಕ್ಕೆ ಎಣಿಸಿದರೆ 2:35 ಆಯಿತು. ಹುಡುಗಿ ಸ್ನಾನ ಮುಗಿಸಿ, ಮುಂದೆ ಗುಂಡಿ ಇರುವ ಅಂಗಿ ಹಾಕಿಕೊಂಡು (ತಲೆಯ ಮೇಲಿಂದ ತೆಗೆಯುವ ಬಟ್ಟೆಯಾದರೆ ಮೇಕಪ್ಪೂ ಹೋಯಿತು, ಕೂದಲೂ ಹೋಯಿತು) 2:30ಕ್ಕೆ ಕುರ್ಚಿಯಲ್ಲಿ ಕೂತಿರಬೇಕು.

ಈಗ ಹಿಂದಿನ ರಾತ್ರಿಯನ್ನು ನೋಡಿ. ಆರತಕ್ಷತೆಯ ಸಾಲು ಕರಗುವಾಗ ಹತ್ತೂವರೆ, ಊಟ ಮುಗಿಯುವಾಗ ಹನ್ನೊಂದೂಕಾಲು. ಸುಸ್ತಾದ ಹುಡುಗಿ ಮುಖ ಪೂರ್ತಿ ತೊಳೆಯದೆ, ಹೇರ್‌ಸ್ಪ್ರೇ ಹಾಕಿ ಬ್ಯಾಕ್‌ಕೂಂಬ್ ಮಾಡಿದ ತಲೆಯಲ್ಲೇ ಮಲಗಿಬಿಡುತ್ತಾಳೆ. ಬೆಳಿಗ್ಗೆ ಆ ಗಂಟುಗಳನ್ನು ಬಿಡಿಸುವುದಕ್ಕೇ ಇಪ್ಪತ್ತು ನಿಮಿಷ ಹೋಗುತ್ತದೆ, ನೀವು ಉಳಿಸಿಟ್ಟ ಕಾಲು ಗಂಟೆ ಅಲ್ಲೇ ಕರಗುತ್ತದೆ. ಹಾಗಾಗಿ ಜಂಟಿ ಪ್ಯಾಕೇಜಿನಲ್ಲಿ ಇರಲೇಬೇಕಾದ ಒಂದು ಸೇವೆ, ಆರತಕ್ಷತೆ ಮುಗಿದ ಮೇಲೆ ನಿಮ್ಮ ಸಹಾಯಕಿಯೊಬ್ಬಳು ಮೇಕಪ್ ತೆಗೆದು, ಕೂದಲು ಬಿಡಿಸಿ, ಸಡಿಲವಾಗಿ ಹೆಣೆದು ಹೋಗುವುದು. ಇದನ್ನು ಬಿಡಿಯಾಗಿ ಮಾರಿದರೆ ಯಾರೂ ಕೊಳ್ಳುವುದಿಲ್ಲ. ಪ್ಲಾನರ್‌ಗೆ ಮಾತ್ರ ಇದರ ಬೆಲೆ ತಟ್ಟನೆ ಗೊತ್ತಾಗುತ್ತದೆ.

ಮನೆಯವರ ಲೆಕ್ಕ ಬೇರೆ. ಅಮ್ಮ, ಅತ್ತಿಗೆ, ತಂಗಿ, ಸೋದರತ್ತೆ ಎಂದು ನಾಲ್ಕು ಜನರಿದ್ದರೆ ತಲೆಗೆ 40 ನಿಮಿಷದಂತೆ 2 ಗಂಟೆ 40 ನಿಮಿಷ ಬೇಕು. ಇದನ್ನು ವಧುವಿನ ಕಲಾವಿದೆ ಮಾಡಲಾಗದು, ಎರಡನೆಯವಳು ಬೇಕು. 3 ಗಂಟೆಗೆ ಶುರುವಾದರೆ 5:40ಕ್ಕೆ ಮುಗಿಯುತ್ತದೆ. ಅಮ್ಮನನ್ನು ಮೊದಲು ಕೂರಿಸಿ, ಏಕೆಂದರೆ ಪೂಜೆ ಸಾಮಾನು ಕೇಳಿಕೊಂಡು ಪುರೋಹಿತರ ಕಡೆಯವರು ಮೊದಲು ಹುಡುಕುವುದು ಅವರನ್ನೇ.

ಎರಡನೆಯದು: ಯಾರ ಹೊಣೆ ಎಲ್ಲಿಗೆ ಮುಗಿಯುತ್ತದೆ

‘ಜಂಟಿ’ ಎಂಬುದಕ್ಕೆ ಅರ್ಥ ಬರುವುದು ಇಲ್ಲಿ. ಇಬ್ಬರ ನಡುವೆ ಬಿದ್ದುಹೋಗುವ ಕೆಲಸಗಳು ಪ್ರತಿ ಮದುವೆಯಲ್ಲೂ ಹೆಚ್ಚುಕಡಿಮೆ ಅವೇ. ಎರಡನ್ನು ಹತ್ತಿರದಿಂದ ನೋಡೋಣ.

ಒಂದು, ಧಾರೆ ಸೀರೆ. ಅನೇಕ ಮನೆಗಳಲ್ಲಿ ವಧು ಗೌರಿ ಪೂಜೆಗೆ ತವರಿನ ಸೀರೆ ಉಟ್ಟು, ತಾಳಿಗೆ ಮುಂಚೆ ಗಂಡಿನ ಕಡೆಯವರು ಕೊಟ್ಟ ಸೀರೆಗೆ ಬದಲಾಯಿಸುತ್ತಾಳೆ. ಸ್ಟುಡಿಯೊಗಳು ಪತ್ರದಲ್ಲಿ ‘ಎಲ್ಲ ಸೀರೆಗಳಿಗೂ ಪ್ರೀ-ಪ್ಲೀಟಿಂಗ್ ಉಚಿತ’ ಎಂದು ಬರೆಯುತ್ತವೆ. ಆದರೆ ಈ ಸೀರೆ ಗಂಡಿನ ಮನೆಯವರ ಪೆಟ್ಟಿಗೆಯಲ್ಲಿರುತ್ತದೆ, ಮದುವೆಯ ಬೆಳಿಗ್ಗೆ ತಟ್ಟೆಯಲ್ಲಿ ಬರುತ್ತದೆ. ನೆರಿಗೆ ಹಿಡಿದು ಇಸ್ತ್ರಿ ಹಾಕಿಡದ ಹೊಸ ಭಾರದ ರೇಷ್ಮೆ ಸೀರೆಯನ್ನು ಹದಿನೈದು ನಿಮಿಷದಲ್ಲಿ, ಜಡೆ ಅಲುಗದಂತೆ ಉಡಿಸುವುದು ಕಷ್ಟ. ಆ ಸೀರೆಯನ್ನು ಎರಡು ದಿನ ಮುಂಚೆ ಕೇಳಿ ತರಿಸಲು ಮೇಕಪ್‌ನವರಿಗೆ ದಾರಿಯಿಲ್ಲ, ಬೀಗರ ಮನೆಗೆ ಫೋನ್ ಮಾಡುವ ಸಲಿಗೆ ಇರುವುದು ಪ್ಲಾನರ್‌ಗೆ. ಪತ್ರದಲ್ಲಿ ಹೀಗೆ ಬರೆಯಬಹುದು: ಧಾರೆ ಸೀರೆ ಮುಹೂರ್ತಕ್ಕೆ 48 ಗಂಟೆ ಮೊದಲು ನಿಮ್ಮಿಂದ ನಮಗೆ ಬಂದರೆ ನೆರಿಗೆ ಹಿಡಿದು, ಪಿನ್ ಮಾಡಿ, ಅದೇ ತಟ್ಟೆಗೆ ಮರಳಿ ಇಡುತ್ತೇವೆ, ಬದಲಾವಣೆ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ, ಬೆಳಿಗ್ಗೆಯೇ ಬಂದರೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ, ಪುರೋಹಿತರಿಗೆ ಮೊದಲೇ ತಿಳಿಸಿರಿ. ಕೆಲವು ಮನೆಗಳಲ್ಲಿ ಆ ಸೀರೆಯನ್ನು ಮೊದಲೇ ಬಿಡಿಸುವುದು ಶಾಸ್ತ್ರಕ್ಕೆ ಒಗ್ಗುವುದಿಲ್ಲ. ಹಾಗಿದ್ದರೆ ಎರಡನೆಯ ಲೆಕ್ಕವೇ ಗತಿ.

ಇನ್ನೊಂದು, ಮೊಗ್ಗಿನ ಜಡೆ. ಹೂವಿನ ಆರ್ಡರ್ ಡೆಕೋರೇಷನ್‌ನವರದ್ದು, ಜಡೆ ಕಟ್ಟುವವರು ಬೇರೆ, ತಲೆಗೆ ಕೂರಿಸುವವರು ನೀವು. ಉದ್ದ ಯಾರೂ ಹೇಳಿರುವುದಿಲ್ಲ. ಸೊಂಟದಿಂದ ಕೆಳಗೆ ಬರುವ ಜಡೆಯನ್ನು ಭುಜದವರೆಗಿನ ಕೂದಲಿಗೆ ಕಟ್ಟಿದರೆ ಎರಡು ಗಂಟೆಯಲ್ಲಿ ಜಗ್ಗಿ ಹುಡುಗಿಗೆ ತಲೆನೋವು. ಮೊಗ್ಗು ರಾತ್ರಿಯೇ ಅರಳುವ ಜಾತಿಯದು, ಸಂಜೆ ತಂದು ಬೆಚ್ಚಗಿನ ಕೋಣೆಯಲ್ಲಿಟ್ಟರೆ ಬೆಳಿಗ್ಗೆ ಅದು ಮೊಗ್ಗಿನ ಜಡೆಯಾಗಿ ಉಳಿದಿರುವುದಿಲ್ಲ. ಟ್ರಯಲ್ ದಿನವೇ ಕೂದಲಿನ ಉದ್ದ ಅಳೆದು, ಬೇಕಾದ ಜಡೆಯ ಅಳತೆಯನ್ನು ಬರೆದು ಪ್ಲಾನರ್‌ಗೆ ಕಳಿಸುತ್ತೇವೆ, ತರಿಸುವುದು ನಿಮ್ಮ ಹೂವಿನವರಿಂದ, ಬೆಳಗಿನ 3:30ಕ್ಕೆ ವಧುವಿನ ಕೋಣೆಗೆ ತಲುಪಬೇಕು ಎಂದು ಬರೆದರೆ ಜಗಳದ ಜಾಗವೇ ಮುಚ್ಚಿಹೋಗುತ್ತದೆ.

ಉಳಿದವು ಸಣ್ಣವು. ವಧುವಿನ ಕೋಣೆಯಲ್ಲಿ ಎರಡು ಪ್ಲಗ್ ಪಾಯಿಂಟ್, ಕೈಯಿರದ ಎತ್ತರದ ಕುರ್ಚಿ, ಹಿಂದಿನ ರಾತ್ರಿ ನಿಮ್ಮ ತಂಡಕ್ಕೆ ಮಲಗಲು ಜಾಗ. ಎರಡು ಗಂಟೆ ರಾತ್ರಿಯಲ್ಲಿ ಛತ್ರದ ಗೇಟು ಯಾರು ತೆಗೆಯುತ್ತಾರೆ ಎನ್ನುವುದನ್ನೂ ಕೇಳಿಕೊಳ್ಳಿ.

ಮೂರನೆಯದು: ದುಡ್ಡು

ಇಲ್ಲಿ ಎರಡು ದಾರಿ. ಪ್ಲಾನರ್ ಕ್ಲೈಂಟ್‌ಗೆ ಎಲ್ಲ ಸೇರಿಸಿ ಒಂದೇ ಬಿಲ್ ಮಾಡಿ ನಿಮಗೆ ನಿವ್ವಳ ದರ ಕೊಡುವುದು ಒಂದು. ನೀವೇ ಮನೆಯವರಿಗೆ ಬಿಲ್ ಮಾಡಿ ಪ್ಲಾನರ್‌ಗೆ ಕಮಿಷನ್ ಕೊಡುವುದು ಇನ್ನೊಂದು. ಚಿಕ್ಕ ಸ್ಟುಡಿಯೊಗೆ ಎರಡನೆಯದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅಡ್ವಾನ್ಸ್ ನೇರ ನಿಮ್ಮ ಖಾತೆಗೆ ಬರುತ್ತದೆ, ಮದುವೆ ಮುಗಿದ ಮೇಲೆ ಪ್ಲಾನರ್ ಹಿಂದೆ ಅಲೆಯಬೇಕಾಗಿಲ್ಲ. ತೆರಿಗೆಯಲ್ಲೂ ವ್ಯತ್ಯಾಸವಿದೆ. ಇವೆಂಟ್ ಮ್ಯಾನೇಜ್‌ಮೆಂಟ್ ಸೇವೆಗೆ ಜಿಎಸ್‌ಟಿ 18%. ಸೌಂದರ್ಯ ಸೇವೆಗಳಿಗೆ 2025ರ ಸೆಪ್ಟೆಂಬರ್ 22ರಿಂದ 5%, ಇನ್‌ಪುಟ್ ಕ್ರೆಡಿಟ್ ಇಲ್ಲದೆ. ವಾರ್ಷಿಕ ವಹಿವಾಟು 20 ಲಕ್ಷದೊಳಗಿದ್ದು ನೋಂದಣಿ ಮಾಡಿಸದ ಸ್ಟುಡಿಯೊ ಜಿಎಸ್‌ಟಿ ವಸೂಲಿ ಮಾಡುವ ಹಾಗೇ ಇಲ್ಲ. ಅದೇ ಮೇಕಪ್ ಪ್ಲಾನರ್ ಬಿಲ್ಲಿನೊಳಗೆ ಹೋದರೆ ಮನೆಯವರಿಗೆ ಹೆಚ್ಚು ಬೀಳಬಹುದು. ನಿಮ್ಮ ವಿಷಯದಲ್ಲಿ ಯಾವುದು ಸರಿ ಎಂದು ಪತ್ರ ಕಳಿಸುವ ಮುಂಚೆ ನಿಮ್ಮ ಲೆಕ್ಕಿಗರನ್ನು ಒಮ್ಮೆ ಕೇಳಿ.

ಕಮಿಷನ್ ಎಷ್ಟು? ಊರಲ್ಲಿ ಎಷ್ಟು ನಡೆಯುತ್ತಿದೆ ಎಂಬುದಕ್ಕಿಂತ ನಿಮ್ಮ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ನೋಡಿ. ಒಂದು ಉದಾಹರಣೆ. ಮುಹೂರ್ತದ ಮೇಕಪ್ ₹18,000, ಆರತಕ್ಷತೆ ₹15,000, ಮನೆಯ ನಾಲ್ವರಿಗೆ ತಲಾ ₹3,500ರಂತೆ ₹14,000. ಒಟ್ಟು ₹47,000. ಎರಡನೇ ಕಲಾವಿದೆಗೆ ₹6,000, ಕೂದಲು–ಸೀರೆಯವರಿಗೆ ₹5,000, ಸಾಮಗ್ರಿ ₹4,500, ಗಾಡಿ ಮತ್ತು ಊಟ ₹3,000 ಎಂದರೆ ಖರ್ಚು ₹18,500. ಉಳಿದದ್ದು ₹28,500. ಒಟ್ಟು ₹47,000ದ ಮೇಲೆ 10% ಕಮಿಷನ್ ಎಂದರೆ ಇದರಲ್ಲಿ ₹4,700 ಹೋಗಿ ₹23,800. ಅದನ್ನೇ 20% ಮಾಡಿದರೆ ₹19,100. ಅದರಲ್ಲಿ ಟ್ರಯಲ್ ದಿನ, ಎರಡು ದಿನದ ಕೆಲಸ, ಒಂದು ನಿದ್ದೆಗೆಟ್ಟ ರಾತ್ರಿ, ಸ್ಟುಡಿಯೊ ಬಾಡಿಗೆ ಎಲ್ಲ ಬರಬೇಕು. ನೀವು ಎಲ್ಲಿ ನಿಲ್ಲುತ್ತೀರಿ ಎಂಬ ಅಂಕಿಯನ್ನು ಈಗಲೇ ಬರೆದಿಟ್ಟುಕೊಳ್ಳಿ, ಫೋನಿನಲ್ಲಿ ಚೌಕಾಸಿಗೆ ಕೂತಾಗ ಅದು ಹೊಳೆಯುವುದಿಲ್ಲ.

ಪ್ಲಾನರ್ ಮೂಲಕ ಬಂದವರಿಗೆ ದರ ಕಡಿಮೆ ಮಾಡಬೇಡಿ, ಹೆಚ್ಚೂ ಮಾಡಬೇಡಿ. ವಧುವಿನ ಗೆಳತಿ ನೇರ ನಿಮಗೆ ಫೋನ್ ಮಾಡಿ ಬೇರೆ ದರ ಕೇಳಿಸಿಕೊಂಡರೆ ಆ ಸುದ್ದಿ ಸಂಜೆಯೊಳಗೆ ಪ್ಲಾನರ್ ಕಿವಿಗೆ ಬಿದ್ದಿರುತ್ತದೆ. ದರ ಒಂದೇ ಇರಲಿ, ಸೇವೆ ಹೆಚ್ಚಿರಲಿ: ರಾತ್ರಿ ಮೇಕಪ್ ತೆಗೆಯುವುದು, ಸೀರೆಗಳ ನೆರಿಗೆ, ಮಧ್ಯಾಹ್ನದ ಊಟದವರೆಗೆ ನಿಲ್ಲುವ ಟಚಪ್ ಸಹಾಯಕಿ. ಟಚಪ್‌ಗೆ ಜನ ಬೇಕೇ ಎಂದು ಕೇಳುವವರು ಹೋಮದ ಹೊಗೆಯಲ್ಲಿ ಕಣ್ಣೀರಿಡುವ ವಧುವನ್ನು ನೋಡಿಲ್ಲ. ಜೀರಿಗೆ ಬೆಲ್ಲ ತಲೆಗೆ ಹಾಕಿಸಿಕೊಂಡ ಮೇಲೆ ಬೈತಲೆಯ ಹತ್ತಿರ ಅಂಟು, ಅಕ್ಷತೆಯ ಅರಿಶಿನ ಹಣೆಯ ಮೇಲೆ. ಒಂದು ಒದ್ದೆ ಹತ್ತಿ, ಒಂದು ಚಿಕ್ಕ ಬ್ರಷ್ ಹಿಡಿದು ಯಾರಾದರೂ ಪಕ್ಕದಲ್ಲಿ ಇರಲೇಬೇಕು.

ನಾಲ್ಕನೆಯದು: ಪತ್ರ

ಒಂದೂವರೆ ಪುಟ ಮೀರಬಾರದು. ಸ್ಟುಡಿಯೊ ಪರಿಚಯ ಎರಡು ಸಾಲು. ಮೊದಲ ಪ್ಯಾರಾದಲ್ಲೇ ಪ್ರಸ್ತಾವನೆ ಬರಲಿ. ಮಾದರಿ ಇಲ್ಲಿದೆ, ಗೆರೆ ಎಳೆದಲ್ಲಿ ನಿಮ್ಮದು ತುಂಬಿ.

> ದಿನಾಂಕ: ______
>
> ಇವರಿಂದ: ______ (ಸ್ಟುಡಿಯೊ ಹೆಸರು, ವಿಳಾಸ, ಫೋನ್)
>
> ಇವರಿಗೆ: ಶ್ರೀಮತಿ ______, ______ ವೆಡ್ಡಿಂಗ್ ಪ್ಲಾನರ್ಸ್
>
> ವಿಷಯ: ಕಾರ್ತಿಕದಿಂದ ವೈಶಾಖದವರೆಗಿನ ಮದುವೆಗಳಿಗೆ ಜಂಟಿ ವಧು ಪ್ಯಾಕೇಜ್
>
> ಮಾನ್ಯ ______ ಅವರೇ,
>
> ನಮಸ್ಕಾರ. ನೀವು ವಹಿಸಿಕೊಳ್ಳುವ ಎರಡು ದಿನದ ಮದುವೆಗಳಲ್ಲಿ ವಧು ಮತ್ತು ಮನೆಯವರ ಅಲಂಕಾರದ ಪೂರ್ತಿ ಹೊಣೆಯನ್ನು ಒಂದೇ ದರದಲ್ಲಿ, ಲಿಖಿತ ವೇಳಾಪಟ್ಟಿಯೊಂದಿಗೆ ವಹಿಸಿಕೊಳ್ಳಲು ಈ ಪತ್ರ. ______ ಬಡಾವಣೆಯ ನಮ್ಮ ಸ್ಟುಡಿಯೊ ______ ವರ್ಷಗಳಿಂದ ವಧುವಿನ ಅಲಂಕಾರವನ್ನೇ ಮುಖ್ಯವಾಗಿ ಮಾಡುತ್ತಿದೆ. ಕಳೆದ ತಿಂಗಳು ______ ಛತ್ರದಲ್ಲಿ ನೀವು ನಡೆಸಿದ ಮದುವೆಯಲ್ಲಿ ಗಂಡಿನ ಕಡೆಯ ಇಬ್ಬರಿಗೆ ಮೇಕಪ್ ಮಾಡಿದವರು ನಾವೇ.
>
> ಪ್ಯಾಕೇಜಿನಲ್ಲಿ: ಒಂದು ಟ್ರಯಲ್, ಆರತಕ್ಷತೆ ಮತ್ತು ಮುಹೂರ್ತದ ಅಲಂಕಾರ, ಆರತಕ್ಷತೆಯ ರಾತ್ರಿ ಮೇಕಪ್ ತೆಗೆದು ಕೂದಲು ಬಿಡಿಸುವುದು, ಮನೆಯ ನಾಲ್ವರ ಮೇಕಪ್, ಮೂರು ಸೀರೆಗಳ ನೆರಿಗೆ, ಧಾರೆ ಸೀರೆ ಉಡಿಸುವುದು, ಊಟದವರೆಗೆ ಟಚಪ್. ದರ ₹47,000. ನಿಮ್ಮ ಮೂಲಕ ಬಂದವರಿಗೂ ನೇರ ಬಂದವರಿಗೂ ಇದೇ ದರ. ರಾತ್ರಿ ಮೇಕಪ್ ತೆಗೆಯುವುದು, ಸೀರೆಗಳ ನೆರಿಗೆ ಮತ್ತು ಟಚಪ್ ನಿಮ್ಮ ಮೂಲಕ ಬಂದವರಿಗೆ ಮಾತ್ರ ಈ ದರದಲ್ಲಿ ಸೇರಿರುತ್ತವೆ.
>
> ಮುಹೂರ್ತ 7:20 ಎಂದಿಟ್ಟುಕೊಂಡು ಬೆಳಗಿನ ವೇಳಾಪಟ್ಟಿ ಲಗತ್ತಿಸಿದ್ದೇವೆ. ಅದರಂತೆ ವಧು 5:30ಕ್ಕೆ ತಯಾರು. ಪ್ರತಿ ಮದುವೆಗೂ ಲಗ್ನಪತ್ರಿಕೆಯ ಸಮಯ ನೋಡಿ ಹೊಸದಾಗಿ ಮಾಡಿಕೊಡುತ್ತೇವೆ. ಧಾರೆ ಸೀರೆ ಮತ್ತು ಜಡೆಯ ವಿಷಯದಲ್ಲಿ ನಿಮ್ಮಿಂದ ಬೇಕಾದ ಸಹಾಯವನ್ನೂ ಅಲ್ಲೇ ಗುರುತು ಮಾಡಿದ್ದೇವೆ. ಮುಖ್ಯ ಕಲಾವಿದೆಗೆ ಹುಷಾರು ತಪ್ಪಿದರೆ ಬದಲಿಗೆ ಬರುವವರ ಕೆಲಸದ ಫೋಟೊಗಳೂ ಜೊತೆಗಿವೆ.
>
> ಬಿಲ್ ನಾವು ಮನೆಯವರಿಗೆ ಮಾಡುತ್ತೇವೆ. ಕೈಸೇರಿದ ಮೊತ್ತದ (ಪ್ರಯಾಣ ಬಿಟ್ಟು) 10% ನಿಮ್ಮ ಬಿಲ್ ಬಂದ ಏಳು ದಿನದಲ್ಲಿ ನಿಮ್ಮ ಖಾತೆಗೆ. ಅದೇ ಮನೆಯ ಇನ್ನೊಂದು ಮದುವೆ ಒಂದು ವರ್ಷದೊಳಗೆ ನೇರ ನಮಗೆ ಬಂದರೂ ಇದು ಅನ್ವಯಿಸುತ್ತದೆ. ಟ್ರಯಲ್ ನಂತರ ವಧುವಿಗೆ ಒಪ್ಪಿಗೆಯಾಗದಿದ್ದರೆ ಟ್ರಯಲ್‌ನ ₹2,500 ಬಿಟ್ಟು ಅಡ್ವಾನ್ಸ್ ಹಿಂತಿರುಗಿಸುತ್ತೇವೆ. ಬೇರೆ ಸ್ಟುಡಿಯೊಗಳ ಜೊತೆ ನೀವು, ಬೇರೆ ಪ್ಲಾನರ್‌ಗಳ ಜೊತೆ ನಾವು ಕೆಲಸ ಮಾಡಲು ಅಡ್ಡಿಯಿಲ್ಲ.
>
> ಮೊದಲು ಒಂದು ಮದುವೆಗೆ ಒಟ್ಟಿಗೆ ಕೆಲಸ ಮಾಡಿ ನೋಡೋಣ. ______ರಂದು ಬೆಳಿಗ್ಗೆ 11ರ ನಂತರ ನಿಮ್ಮ ಕಚೇರಿಗೆ ಬರಬಹುದೇ? ಆ ದಿನ ಫೋನ್ ಮಾಡಿ ಕೇಳಿಕೊಳ್ಳುತ್ತೇನೆ.
>
> ವಂದನೆಗಳೊಂದಿಗೆ,
> ______

ಕೆಲವು ಸಾಲುಗಳ ಹಿಂದಿನ ಲೆಕ್ಕ ಹೇಳಿಬಿಡುತ್ತೇನೆ. ‘ಕಳೆದ ತಿಂಗಳು ______ ಛತ್ರದಲ್ಲಿ’ ಎಂಬುದು ನಿಜವಾಗಿದ್ದರೆ ಮಾತ್ರ ಬರೆಯಿರಿ, ಇಲ್ಲದಿದ್ದರೆ ತೆಗೆದುಹಾಕಿ. ನಾವು ಆ ದಿನದ ವೆಂಡರ್ ಪಟ್ಟಿ ತೆಗೆದು ನೋಡುತ್ತೇವೆ. ‘ಕೈಸೇರಿದ ಮೊತ್ತದ’ ಎಂಬ ಮಾತು ಬಹಳ ಮುಖ್ಯ. ಮನೆಯವರು ಬಾಕಿ ಉಳಿಸಿಕೊಂಡಾಗ, ಕೊನೆ ಗಳಿಗೆಯಲ್ಲಿ ಸೋದರತ್ತೆ ‘ನನಗೆ ಬೇಡ ಬಿಡಮ್ಮ’ ಎಂದಾಗ, ಬುಕ್ ಆದ ಮೊತ್ತದ ಮೇಲೆ ಕಮಿಷನ್ ಕೊಡಬೇಕಾದರೆ ನೀವು ಕೈಯಿಂದ ಕೊಟ್ಟಂತೆ. ಒಂದು ವರ್ಷದ ಷರತ್ತು ಸ್ಟುಡಿಯೊಗೆ ನಷ್ಟವೆಂದು ಅನ್ನಿಸಬಹುದು. ಆದರೆ ಹೊಸ ಸ್ಟುಡಿಯೊವನ್ನು ಮನೆಯವರಿಗೆ ಪರಿಚಯಿಸಲು ಪ್ಲಾನರ್ ಹಿಂಜರಿಯುವುದೇ ಇದಕ್ಕೆ, ತಂಗಿಯ ಮದುವೆಗೆ ತನ್ನನ್ನು ದಾಟಿ ಹೋಗುತ್ತಾರೆ ಎಂದು. ಆ ಭಯಕ್ಕೆ ನೀವಾಗಿಯೇ ಉತ್ತರ ಕೊಟ್ಟರೆ ಮಾತುಕತೆ ಅರ್ಧ ಮುಗಿದಂತೆ.

‘ಉಚಿತವಾಗಿ ಒಂದು ಮದುವೆ ಮಾಡಿಕೊಡುತ್ತೇವೆ’ ಎಂದು ಬರೆಯಬೇಡಿ. ಉಚಿತವಾಗಿ ಬಂದವರನ್ನು ಮುಹೂರ್ತದ ಬೆಳಿಗ್ಗೆ ದಬಾಯಿಸಿ ಕೇಳಲಾಗದು ಎಂಬುದು ಪ್ಲಾನರ್‌ಗೆ ಗೊತ್ತು. ಫೋಟೊ ವಿಷಯ ಪತ್ರದಲ್ಲಿ ಬಂದಿಲ್ಲ, ಅದನ್ನು ಭೇಟಿಯಲ್ಲಿ ಮಾತಾಡಿ: ವಧು ಒಪ್ಪಿದರೆ ಮಾತ್ರ ಇನ್‌ಸ್ಟಾಗ್ರಾಂಗೆ, ಪ್ಲಾನರ್ ಮತ್ತು ಫೋಟೊದವರನ್ನು ಟ್ಯಾಗ್ ಮಾಡಿ, ಮದುವೆ ಮುಗಿದ ಮೇಲೆ.

ಲಗತ್ತುಗಳು ಮತ್ತು ಕಳಿಸುವ ಹೊತ್ತು

ಹದಿನೈದು ಮುಖಗಳ ಬದಲು ಮೂವರು ವಧುಗಳು ಸಾಕು, ಒಬ್ಬೊಬ್ಬರದು ಎರಡೆರಡು ಫೋಟೊ. ಒಂದು ತಯಾರಾದ ಕೂಡಲೇ ಕಿಟಕಿ ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ. ಇನ್ನೊಂದು ಧಾರೆ ಮುಗಿದು ಊಟಕ್ಕೆ ಕೂತಾಗ. ಎರಡನೆಯದೇ ನಿಮ್ಮ ಕೆಲಸದ ನಿಜವಾದ ಪುರಾವೆ, ಅದನ್ನು ಯಾವ ಸ್ಟುಡಿಯೊವೂ ಕಳಿಸುವುದಿಲ್ಲ. ಒಂದಾದರೂ ಫ್ಲ್ಯಾಶ್ ಹಾಕಿ ತೆಗೆದದ್ದಿರಲಿ. ಕೆಲವು ಬಿಳಿ ಸೆಟ್ಟಿಂಗ್ ಪೌಡರ್‌ಗಳು ಕಣ್ಣಿಗೆ ಕಾಣದೆ ಫ್ಲ್ಯಾಶ್‌ನಲ್ಲಿ ಬೂದಿ ಬಳಿದಂತೆ ಕಾಣುತ್ತವೆ, ಫೋಟೊದವರ ಮೊದಲ ದೂರು ಅದೇ. ವಧುಗಳ ಒಪ್ಪಿಗೆ ಪಡೆದೇ ಕಳಿಸಿ.

ವೇಳಾಪಟ್ಟಿ ಪ್ರತ್ಯೇಕ ಪುಟ, ಫೋನಿನ ಪರದೆಯಲ್ಲಿ ಹಿಗ್ಗಿಸದೆ ಓದುವಂತಿರಲಿ. ಎಡಗಡೆ ಸಮಯ, ನಡುವೆ ಕೆಲಸ, ಬಲಗಡೆ ಯಾರ ಹೊಣೆ. ಪ್ಲಾನರ್‌ಗಳು ಇದನ್ನು ಕತ್ತರಿಸಿ ತಮ್ಮ ಪಟ್ಟಿಗೆ ಅಂಟಿಸಿಕೊಳ್ಳುತ್ತಾರೆ.

ಕಳಿಸಲು ಒಳ್ಳೆಯ ಕಾಲ ಆಷಾಢ ಅಥವಾ ಧನುರ್ಮಾಸ. ಮುಹೂರ್ತಗಳಿಲ್ಲದ ಆ ವಾರಗಳಲ್ಲೇ ನಾವು ಮುಂದಿನ ಸೀಸನ್ನಿನ ವೆಂಡರ್‌ಗಳನ್ನು ಗೊತ್ತು ಮಾಡಿಕೊಳ್ಳುವುದು. ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ ಹನ್ನೊಂದರ ಮೇಲೆ ವಾಟ್ಸಾಪ್‌ನಲ್ಲಿ ಎರಡು ಸಾಲಿನ ಪರಿಚಯದೊಂದಿಗೆ ಪಿಡಿಎಫ್ ಕಳಿಸಿ, ಅದನ್ನೇ ಇಮೇಲ್‌ಗೂ ಹಾಕಿ. ನೀಲಿ ಟಿಕ್ ಬಂದ ಮಾತ್ರಕ್ಕೆ ಓದಿದ್ದಾರೆ ಎಂದುಕೊಳ್ಳಬೇಡಿ. ಪತ್ರದಲ್ಲಿ ಹೇಳಿದ ದಿನ ಒಂದು ಫೋನ್ ಮಾಡಿ, ‘ಪತ್ರ ನೋಡಿದಿರಾ ಮೇಡಂ?’ ಎಂದು ಕೇಳುವ ಬದಲು ‘ನಿಮ್ಮ ಮುಂದಿನ ಮದುವೆಯ ಮುಹೂರ್ತ ಎಷ್ಟು ಹೊತ್ತಿಗೆ ಮೇಡಂ? ಅದಕ್ಕೆ ವೇಳಾಪಟ್ಟಿ ಮಾಡಿ ಕಳಿಸಲಾ?’ ಎಂದು ಕೇಳಿ. ಸಮಯ ಹೇಳಿದರೆ ಅದೇ ಸಂಜೆ ಕಳಿಸಿ. ‘ಆಮೇಲೆ ಹೇಳ್ತೀನಿ’ ಎಂದರೆ ಮುಂದಿನ ಮುಹೂರ್ತವಿಲ್ಲದ ತಿಂಗಳವರೆಗೆ ಬಿಟ್ಟುಬಿಡಿ. ಕಮಿಷನ್ 20% ಕೊಟ್ಟರೆ ನೋಡೋಣ ಎಂದರೆ, ಬರೆದಿಟ್ಟ ಅಂಕಿ ತೆಗೆದು ನೋಡಿ. ಅದರೊಳಗೆ ಬರದಿದ್ದರೆ ನಾಲ್ವರ ಬದಲು ಇಬ್ಬರ ಪ್ಯಾಕೇಜ್ ಮಾಡಿ, ಟಚಪ್ ತೆಗೆದು, ಹೊಸ ದರ ಮತ್ತು ಅದೇ 10% ಹೇಳಿ. ರಾತ್ರಿಯ ಮೇಕಪ್ ತೆಗೆಯುವ ಸೇವೆಯನ್ನು ಮಾತ್ರ ಕಡಿತ ಮಾಡಬೇಡಿ, ಅದು ಹೋದರೆ ಬೆಳಗಿನ 5:30ರ ಮಾತು ಉಳಿಸಿಕೊಳ್ಳಲು ನಿಮ್ಮಿಂದಲೇ ಆಗುವುದಿಲ್ಲ.